ಬಿಲ್ಲಿನ ಕೆಳಗಿನ ಮೂರು ಸಾಲು: ತಡವಾದರೆ ಬಡ್ಡಿ, ಹಣ ಬರುವವರೆಗೆ ಮಾಲು ಯಾರದು, ಜಗಳ ಯಾವ ಊರ ಕೋರ್ಟಿಗೆ?

ಕಲಬುರಗಿಯಲ್ಲಿ ನಮ್ಮ ಕಾಕಾ ಅವರದು ಪಿವಿಸಿ ಪೈಪು ಮತ್ತು ಬೋರ್‌ವೆಲ್ ಪಂಪಿನ ಹೋಲ್‌ಸೇಲ್ ಅಂಗಡಿ. ಅದರ ಲೆಕ್ಕ ನಾನು ಬರೆಯುತ್ತೇನೆ. ಪಕ್ಕದ ನಾಲ್ಕಾರು ಅಂಗಡಿಗಳ ಲೆಕ್ಕವೂ ನನ್ನ ಕೈಲೇ ಇದೆ. ಎಲ್ಲರ ಬಿಲ್ಲಿನ ಕೆಳಗೂ ಸಣ್ಣ ಅಕ್ಷರದಲ್ಲಿ ಅದೇ ಮೂರು ಸಾಲು ಇರುತ್ತವೆ: ತಡವಾದರೆ ಶೇ 24 ಬಡ್ಡಿ, ಪೂರ್ತಿ ಹಣ ಬರುವವರೆಗೆ ಮಾಲು ನಮ್ಮದು, ವ್ಯಾಜ್ಯವಿದ್ದರೆ ಕಲಬುರಗಿ ಕೋರ್ಟು ಮಾತ್ರ. ಯಾರೋ ಪ್ರಿಂಟಿಂಗ್ ಪ್ರೆಸ್ಸಿನವರು ಯಾವಾಗಲೋ ಹಾಕಿಕೊಟ್ಟದ್ದು. ಈಗ ಟ್ಯಾಲಿಯಲ್ಲೂ ಹಾಗೇ ಕೂತಿವೆ.

ಆ ಸಾಲುಗಳ ಬೆಲೆ ನಮಗೆ ತಿಳಿದದ್ದು ಒಂದು ಬಾಕಿ ಬಿಲ್ಲಿನಿಂದ. ಹುಮನಾಬಾದಿನ ಒಬ್ಬ ಅಂಗಡಿಯವರಿಗೆ ಜೂನ್ 10ರಂದು 1,80,000 ರೂಪಾಯಿ ಮಾಲು ಉದ್ರಿ ಕೊಟ್ಟಿದ್ದೆವು. ಮುದ್ದತು 30 ದಿನ. ಆಗಸ್ಟ್ 20ಕ್ಕೆ ಒಂದು ಲಕ್ಷ ಬಂತು. ಉಳಿದ 80,000 ಡಿಸೆಂಬರ್ ಮುಗಿದರೂ ಬರಲಿಲ್ಲ. ಅಂದಿನಿಂದ ಗಂಜಿನಲ್ಲಿ ಸಿಕ್ಕವರೆಲ್ಲ ನನ್ನನ್ನು ಕೇಳುವ ಪ್ರಶ್ನೆಗಳಿವು. ಉತ್ತರಕ್ಕೆ ಆ ಬಿಲ್ಲನ್ನೇ ಮುಂದಿಟ್ಟುಕೊಂಡಿದ್ದೇನೆ.

ಬಿಲ್ಲಿನ ಮೇಲೆ ಅಚ್ಚು ಹಾಕಿಸಿದ್ದೇವೆ. ಅಷ್ಟು ಸಾಕಲ್ವಾ?

ಸಾಕಾಗುವುದಿಲ್ಲ. ಮುಖ್ಯವಾದ ಮಾತೇ ಇದು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ವ್ಯಾಪಾರ ಯಾವಾಗ ಕುದುರುತ್ತದೆ ನೋಡಿ. ಹುಮನಾಬಾದಿನವರು ವಾಟ್ಸಾಪಿನಲ್ಲಿ ಪಟ್ಟಿ ಕಳಿಸಿದರು. ಕಾಕಾ ದರ ಹೇಳಿದರು. ಅವರು "ಆಯ್ತು, ಕಳಿಸ್ರಿ" ಎಂದರು. ಕರಾರು ಅಲ್ಲಿಗೆ ಮುಗಿಯಿತು. ಬಿಲ್ಲು ಹುಟ್ಟಿದ್ದು ಆಮೇಲೆ, ಟೆಂಪೊಗೆ ಮಾಲು ಏರಿಸುವಾಗ. ಜಿಎಸ್ಟಿ ಕಾನೂನು ಕೇಳುವುದೂ ಅಷ್ಟೇ. ಮಾಲು ಹೊರಡುವಾಗ ಅಥವಾ ಅದಕ್ಕೂ ಮೊದಲು ಬಿಲ್ಲು ಆಗಿರಬೇಕು. ಅಂದರೆ ಬಿಲ್ಲು ಸಾಮಾನ್ಯವಾಗಿ ಒಪ್ಪಂದದ ಹಿಂದೆ ಬರುವ ಕಾಗದ. ಮಾತು ಮುಗಿದ ಮೇಲೆ ಒಬ್ಬರೇ ಸೇರಿಸಿದ ಷರತ್ತು ಇನ್ನೊಬ್ಬರನ್ನು ಕಟ್ಟಿಹಾಕಬೇಕಾದರೆ ಅವರು ಅದನ್ನು ಒಪ್ಪಿರಬೇಕು.

"ಬಿಲ್ಲಿನ ಮೇಲೆ ಸಹಿ ಇದೆಯಲ್ಲ" ಎನ್ನುತ್ತಾರೆ. ಯಾರ ಸಹಿ? ನಮ್ಮ ಬಿಲ್ಲಿನ ಮೇಲಿದ್ದದ್ದು ಅಂಗಡಿಯ ಹುಡುಗನ ಸಹಿ, "ಮಾಲು ಮುಟ್ಟಿತು" ಎಂಬುದರ ಕೆಳಗೆ. ಮಾಲು ಬಂತು ಎಂಬುದಕ್ಕೆ ಅದು ಗಟ್ಟಿ ಸಾಕ್ಷಿ. ಶೇ 24 ಬಡ್ಡಿಗೆ ಮಾಲೀಕರು ಒಪ್ಪಿದರು ಎಂಬುದಕ್ಕೆ ಅದು ತೀರಾ ತೆಳು.

ಹಾಗಾದರೆ ಆ ಸಾಲುಗಳಿಗೆ ಬೆಲೆಯೇ ಇಲ್ಲವಾ?

ಇದೆ, ಎರಡು ದಾರಿಯಲ್ಲಿ ಬರುತ್ತದೆ. ಒಂದು, ಮೊದಲೇ ಪಡೆದ ಒಪ್ಪಿಗೆ. ಉದ್ರಿ ಖಾತೆ ತೆರೆಯುವಾಗಲೇ ಒಂದು ಹಾಳೆಯಲ್ಲಿ ಷರತ್ತು ಬರೆದು ಮಾಲೀಕರ ಸಹಿ ತೆಗೆದುಕೊಳ್ಳುವುದು. ಇಲ್ಲವಾದರೆ ದರಪಟ್ಟಿ ಕಳಿಸುವಾಗಲೇ ಷರತ್ತನ್ನೂ ಕಳಿಸಿ "ಒಪ್ಪಿಗೆ" ಎಂದು ವಾಟ್ಸಾಪಿನಲ್ಲಿ ಬರೆಸಿಕೊಳ್ಳುವುದು. ವಾಟ್ಸಾಪ್ ಸಂದೇಶವನ್ನು ಕೋರ್ಟಿಗೆ ಪ್ರಿಂಟು ಮಾಡಿ ಕೊಡುವಾಗ ಅದರ ಜೊತೆಗೆ ಒಂದು ಪ್ರಮಾಣಪತ್ರ ಬೇಕು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಅದನ್ನು ಕೇಳುತ್ತದೆ. ಆದ್ದರಿಂದ ಫೋನು ಬದಲಿಸುವಾಗ ಹಳೆಯ ಮಾತುಕತೆ ಅಳಿಸಬೇಡಿ.

ಎರಡನೆಯದು ಹಳೆಯ ವಹಿವಾಟು. ಅದೇ ಷರತ್ತಿನ ಬಿಲ್ಲುಗಳು ವರ್ಷಗಟ್ಟಲೆ ಹೋಗಿವೆ, ಅವರು ತಕರಾರು ಎತ್ತಿಲ್ಲ, ಒಮ್ಮೆ ಬಡ್ಡಿ ಕಟ್ಟಿಯೂ ಇದ್ದಾರೆ ಎಂದರೆ ಷರತ್ತು ಅವರಿಗೆ ಗೊತ್ತಿತ್ತು, ನಡೆಸಿಕೊಂಡೂ ಬಂದರು ಎಂದು ವಾದಿಸಬಹುದು. ನಮ್ಮನ್ನು ಕಾಪಾಡಿದ್ದು ಇದೇ. ಹಿಂದಿನ ವರ್ಷ ಇದೇ ಅಂಗಡಿಯವರು ಒಂದು ತಡವಾದ ಬಿಲ್ಲಿಗೆ 2,150 ರೂಪಾಯಿ ಬಡ್ಡಿಯನ್ನು ಬ್ಯಾಂಕಿನಲ್ಲೇ ಕಟ್ಟಿದ್ದರು. ನಮ್ಮ ವಕೀಲರು ಕಡತದಲ್ಲಿ ಮೊದಲು ಹುಡುಕಿದ್ದೇ ಆ ಸಾಲನ್ನು.

ನೂರಕ್ಕೆ ಎರಡು ರೂಪಾಯಿ ಹಾಕಬಹುದಾ? ಜಾಸ್ತಿ ಆಯ್ತಲ್ವಾ?

ತಿಂಗಳಿಗೆ ನೂರಕ್ಕೆ ಎರಡು ಅಂದರೆ ವರ್ಷಕ್ಕೆ ಶೇ 24. ಇಬ್ಬರೂ ವ್ಯಾಪಾರಿಗಳು, ಇಬ್ಬರೂ ಒಪ್ಪಿದ್ದಾರೆ ಎಂದರೆ ಬರೆಯಲು ಅಡ್ಡಿಯಿಲ್ಲ. ಆದರೆ 1872ರ ಕರಾರು ಕಾಯ್ದೆಯ 74ನೇ ಕಲಂ ನೆನಪಿರಲಿ. ತಪ್ಪಿದರೆ ಇಷ್ಟು ಎಂದು ಬರೆದುಕೊಂಡ ಮೊತ್ತ ಒಂದು ಮೇಲ್ಮಿತಿ ಮಾತ್ರ. ಅದರೊಳಗೆ ನ್ಯಾಯವಾಗಿ ಎಷ್ಟೋ ಅಷ್ಟನ್ನು ಕೋರ್ಟು ಕೊಡುತ್ತದೆ. ತಪ್ಪಿದ ದಿನದಿಂದ ಬಡ್ಡಿ ಏರುವ ಷರತ್ತನ್ನೂ ದಂಡ ಎಂದು ಕಂಡರೆ ಇಳಿಸಬಹುದು.

ನಾನು ಈಗ ಎಲ್ಲರಿಗೂ ಶೇ 18 ಬರೆಸುತ್ತೇನೆ. ಬ್ಯಾಂಕಿನ ಓವರ್‌ಡ್ರಾಫ್ಟ್ ಖಾತೆಗೆ ನಾವು ಕಟ್ಟುವ ಬಡ್ಡಿ ಒಂದಷ್ಟು, ವಸೂಲಿಗೆ ಓಡಾಡುವ ಖರ್ಚು ಒಂದಷ್ಟು. ಯಾಕೆ ಈ ದರ ಎಂದು ಕೇಳಿದರೆ ಬಾಯಿ ಬಿಟ್ಟು ಹೇಳಬಹುದಾದ ದರ ಅದು. 24 ಬರೆದು ಕೊನೆಗೆ 12ಕ್ಕೆ ಇಳಿಯುವುದಕ್ಕಿಂತ 18 ಬರೆದು ಅದಕ್ಕೇ ನಿಲ್ಲುವುದು ವಾಸಿ.

ಬಡ್ಡಿ ಬದಲು "ತಡವಾದರೆ ದಿನಕ್ಕೆ 500 ರೂಪಾಯಿ" ಎಂದು ಬರೆದರೆ?

ಬೇಡ. ಐದು ಸಾವಿರದ ಬಿಲ್ಲಿಗೂ ದಿನಕ್ಕೆ 500, ಐದು ಲಕ್ಷದ ಬಿಲ್ಲಿಗೂ 500 ಎಂದರೆ ಅದು ನಷ್ಟದ ಲೆಕ್ಕ ಅಲ್ಲ, ಬರೀ ಹೆದರಿಕೆ. 74ನೇ ಕಲಮಿನಡಿ ಮೊದಲು ಬೀಳುವುದು ಇಂಥದ್ದೇ.

ಲೆಕ್ಕ ಹೇಗೆ ಹಾಕಬೇಕು?

ನಮ್ಮ ಬಿಲ್ಲಿನದನ್ನೇ ಹಾಕಿ ತೋರಿಸುತ್ತೇನೆ. ಜೂನ್ 10ರ ಬಿಲ್ಲು, ಮೂವತ್ತು ದಿನಕ್ಕೆ ಜುಲೈ 10. ಬಡ್ಡಿ ಜುಲೈ 11ರಿಂದ ಶುರು. ಆಗಸ್ಟ್ 20ರವರೆಗೆ 41 ದಿನ, ಅಸಲು 1,80,000.

```
180000 × 24/100 × 41/365  = 4853
 80000 × 24/100 × 133/365 = 6996
                    ಒಟ್ಟು = 11849
```

ಎರಡನೇ ಸಾಲು ಆಗಸ್ಟ್ 21ರಿಂದ ಡಿಸೆಂಬರ್ 31ರವರೆಗೆ, 133 ದಿನದ್ದು. ಒಂದು ಲಕ್ಷ ಬಂದಾಗ ಅದನ್ನು ಪೂರ್ತಿ ಅಸಲಿಗೆ ಜಮಾ ಹಾಕಿದ್ದೇನೆ. ಬಡ್ಡಿಗೆ ಮೊದಲು ಜಮಾ ಹಾಕುವ ಪದ್ಧತಿಯೂ ಇದೆ, ಆಗ ಮೊತ್ತ ಸ್ವಲ್ಪ ಏರುತ್ತದೆ. ಜಗಳ ಬೇಡವೆಂದು ನಾವು ಕೊಂಡವರಿಗೆ ಹಗುರಾಗುವ ದಾರಿ ಹಿಡಿದೆವು.

ಇಲ್ಲಿ ಎರಡು ತಪ್ಪು ಪದೇ ಪದೇ ಕಾಣುತ್ತೇನೆ. ತಿಂಗಳ ಕೊನೆಗೆ ಬಡ್ಡಿಯನ್ನು ಅಸಲಿಗೆ ಸೇರಿಸಿ ಮುಂದಿನ ತಿಂಗಳು ಅದರ ಮೇಲೂ ಬಡ್ಡಿ ಹಾಕುವುದು ಒಂದು. ಚಕ್ರಬಡ್ಡಿ ಎಂದು ಬರೆದುಕೊಂಡಿಲ್ಲದಿದ್ದರೆ ಹಾಗೆ ಹಾಕಬಾರದು. ಇನ್ನೊಂದು, ಬಂದ ಹಣವನ್ನು ನಮಗೆ ಬೇಕಾದ ಬಿಲ್ಲಿಗೆ ಹಾಕುವುದು. "ಇದು ಇಂಥ ಬಿಲ್ಲಿಗೆ" ಎಂದು ಹೇಳಿಯೇ ಕೊಟ್ಟಿದ್ದರೆ ಅದಕ್ಕೇ ಜಮಾ ಆಗಬೇಕು. ಏನೂ ಹೇಳದೆ ಕೊಟ್ಟಾಗ ಮಾತ್ರ ಆಯ್ಕೆ ಮಾರಿದವರದು.

ಬಿಲ್ಲಿನಲ್ಲಿ ಬಡ್ಡಿಯ ಮಾತೇ ಇಲ್ಲ. ಏನೂ ಸಿಗುವುದಿಲ್ಲವಾ?

ಸಿಗಬಹುದು. 1930ರ ಸರಕು ಮಾರಾಟ ಕಾಯ್ದೆಯ 61ನೇ ಕಲಮಿನ ಪ್ರಕಾರ ದರ ಬರೆದಿಲ್ಲದಿದ್ದರೂ ಬೆಲೆಯ ಮೇಲೆ ಬಡ್ಡಿ ಕೊಡಿಸುವ ಅಧಿಕಾರ ಕೋರ್ಟಿಗೆ ಇದೆ. ಎಷ್ಟು ಎಂಬುದು ಅದರ ವಿವೇಚನೆ. ಬಾಕಿ ಕೇಳುವ ನೋಟಿಸಿನಲ್ಲಿ "ಇಂಥ ದಿನದಿಂದ ಬಡ್ಡಿಯನ್ನೂ ಕೇಳುತ್ತೇವೆ" ಎಂದು ಬರೆಯಿರಿ. ಸುಮ್ನೆ ಫೋನು ಮಾಡುತ್ತಾ ಕೂತರೆ ಆ ದಿನಗಳಿಗೆ ಲೆಕ್ಕ ಸಿಗುವುದಿಲ್ಲ.

ಬಂದ ಬಡ್ಡಿಗೂ ಜಿಎಸ್ಟಿ ಕಟ್ಟಬೇಕಾ?

ಕಟ್ಟಬೇಕು. ತಡವಾದದ್ದಕ್ಕೆ ಪಡೆದ ಬಡ್ಡಿ, ಫೀ, ದಂಡ ಯಾವುದಾದರೂ ಮಾಲಿನ ಬೆಲೆಗೇ ಸೇರುತ್ತದೆ ಎಂದು ಕೇಂದ್ರ ಜಿಎಸ್ಟಿ ಕಾಯ್ದೆಯ 15ನೇ ಕಲಂ ಹೇಳುತ್ತದೆ. ಮಾಲಿಗೆ ಯಾವ ದರವೋ ಬಡ್ಡಿಗೂ ಅದೇ ದರ. ತೆರಿಗೆಯ ಹೊಣೆ ಬರುವುದು ಬಡ್ಡಿ ಕೈಗೆ ಬಂದ ದಿನ, ನಾವು ಖಾತೆಗೆ ಬರೆದ ದಿನ ಅಲ್ಲ. ಒಂದು ಡೆಬಿಟ್ ನೋಟ್ ಮಾಡಿ. ಷರತ್ತಿನಲ್ಲಿ "ಬಡ್ಡಿ ಮತ್ತು ಅದರ ಮೇಲಿನ ಜಿಎಸ್ಟಿ" ಎಂದು ಸೇರಿಸದಿದ್ದರೆ ಆ ತೆರಿಗೆ ನಿಮ್ಮ ಕೈಯಿಂದ ಹೋಗುವ ಸಂಭವ ಇದೆ.

ಬಡ್ಡಿಗಿಂತ ಬೇಗ ಕೆಲಸ ಮಾಡುವ ದಾರಿ ಇದೆಯಾ?

ಇದೆ, ಅದೂ ಜಿಎಸ್ಟಿಯಲ್ಲೇ ಇದೆ. ಬಿಲ್ಲಿನ ದಿನದಿಂದ 180 ದಿನದೊಳಗೆ ಕೊಂಡವರು ಹಣ ಕೊಡದಿದ್ದರೆ, ಕೊಡದ ಭಾಗಕ್ಕೆ ತೆಗೆದುಕೊಂಡ ಇನ್‌ಪುಟ್ ಕ್ರೆಡಿಟ್ಟನ್ನು ಅವರು ಬಡ್ಡಿ ಸಮೇತ ಹಿಂದಕ್ಕೆ ಕಟ್ಟಬೇಕು. ಹಣ ಕೊಟ್ಟ ಮೇಲೆ ಮತ್ತೆ ಪಡೆಯಬಹುದು. ನಮ್ಮ ಬಿಲ್ಲಿಗೆ ಆ ದಿನ ಡಿಸೆಂಬರ್ 7. ಬಾಕಿ 80,000ದಲ್ಲಿ ಶೇ 18ರ ತೆರಿಗೆ 12,203 ರೂಪಾಯಿ. ಡಿಸೆಂಬರ್ ಮೊದಲ ವಾರ ನಾನು ಅವರ ಅಕೌಂಟೆಂಟ್‌ಗೆ ಬರೀ ಒಂದು ಪತ್ರ ಬರೆದೆ: ಬಿಲ್ ನಂಬರು, ಬಾಕಿ, ತೆರಿಗೆ ಭಾಗ, 180ನೇ ದಿನ. ಮಾಲೀಕರು ತಿಂಗಳುಗಟ್ಟಲೆ ಕಿವಿಗೆ ಹಾಕಿಕೊಳ್ಳದ ಮಾತನ್ನು ಅವರ ಅಕೌಂಟೆಂಟ್ ಅದೇ ವಾರ ಕೇಳಿಸಿಕೊಂಡರು. ವಕೀಲರ ಪತ್ರಕ್ಕೂ ಮೊದಲು ಮಾಡಬೇಕಾದ ಕೆಲಸ ಇದು.

"ಪೂರ್ತಿ ಹಣ ಬರುವವರೆಗೆ ಮಾಲು ನಮ್ಮದು". ಹೀಗೆ ಬರೆದರೆ ಮಾಲು ನಮ್ಮದಾಗೇ ಇರುತ್ತದಾ?

ತುಂಬ ಜನ ತಪ್ಪು ತಿಳಿದಿರುವುದು ಇಲ್ಲಿ. ಕಾನೂನಿನ ಸಾಮಾನ್ಯ ನಡೆ ಹೀಗಿದೆ: ಉದ್ರಿ ಮಾರಾಟದಲ್ಲೂ ಒಡೆತನ ಹಣಕ್ಕಾಗಿ ಕಾಯುವುದಿಲ್ಲ. ಗೋದಾಮಿನಿಂದ ಮಾಲು ಎತ್ತಿಟ್ಟು, ನಮ್ಮ ಹಕ್ಕು ಏನನ್ನೂ ಉಳಿಸಿಕೊಳ್ಳದೆ ಟ್ರಾನ್ಸ್‌ಪೋರ್ಟಿನವರ ಕೈಗೆ ಕೊಟ್ಟೆವು ಎಂದರೆ ಸಾಮಾನ್ಯವಾಗಿ ಅಲ್ಲಿಗೆ ಮಾಲು ಅವರದಾಯಿತು. ನಮಗೆ ಉಳಿಯುವುದು ಬರಬೇಕಾದ ಹಣ ಮಾತ್ರ. ಈ ನಡೆಯನ್ನು ಬದಲಿಸಲು ಅದೇ ಸರಕು ಮಾರಾಟ ಕಾಯ್ದೆಯ 25ನೇ ಕಲಂ ಅವಕಾಶ ಕೊಡುತ್ತದೆ. ಇಂಥ ಷರತ್ತು ತೀರುವವರೆಗೆ ಒಡೆತನ ನಮ್ಮಲ್ಲೇ ಇರಲಿ ಎಂದು ಮಾರುವವರು ಕಾಯ್ದಿಟ್ಟುಕೊಳ್ಳಬಹುದು. ಆದರೆ ಮಾಲು ಅವರದಾಗುವ ಮೊದಲೇ ಕಾಯ್ದಿಟ್ಟುಕೊಳ್ಳಬೇಕು. ಮಾಲು ತಲುಪಿದ ಮೂರು ದಿನಕ್ಕೆ ಅಂಚೆಯಲ್ಲಿ ಹೋದ ಬಿಲ್ಲಿನ ಮೇಲೆ ಈ ಸಾಲು ಇದ್ದರೆ ತಡವಾಯಿತು. ಆಗಲೇ ದಾಟಿಹೋದ ಒಡೆತನವನ್ನು ಒಂದು ಸಾಲು ಎಳೆದು ತರುವುದಿಲ್ಲ.

ಸರಿಯಾದ ಹೊತ್ತಿಗೇ ಒಪ್ಪಿಸಿಕೊಂಡಿದ್ದೀರಿ ಅಂದುಕೊಳ್ಳೋಣ. ಆದರೂ ಒಂದು ದೊಡ್ಡ ಕಿಂಡಿ ಇದೆ. ಆ ಅಂಗಡಿಯವರು ನಿಮ್ಮ ಪಂಪನ್ನು ಚಿಟಗುಪ್ಪಾದ ಒಬ್ಬ ರೈತರಿಗೆ ಮಾರಿದರು. ರೈತರಿಗೆ ನಿಮ್ಮ ಬಾಕಿಯ ಸುದ್ದಿ ಗೊತ್ತಿಲ್ಲ, ನಂಬಿ ಹಣ ಕೊಟ್ಟು ಒಯ್ದರು. 30ನೇ ಕಲಮಿನ ಪ್ರಕಾರ ಆ ಪಂಪು ಅವರದೇ. ಅವರ ಹೊಲಕ್ಕೆ ಹೋಗಿ ನೀವು ಕೇಳುವ ಹಾಗಿಲ್ಲ, ಕೇಳುವುದು ನ್ಯಾಯವೂ ಅಲ್ಲ. ಮಾರಲೆಂದೇ ಕೊಳ್ಳುವ ಅಂಗಡಿಗೆ ಕೊಟ್ಟ ಮಾಲಿನ ಮೇಲೆ ಈ ಷರತ್ತು ಉಳಿಯುವುದು ಅದು ಇನ್ನೂ ಮಾರಾಟವಾಗದೆ ಕಪಾಟಿನಲ್ಲಿ ಇರುವಷ್ಟು ದಿನ. ಮಣ್ಣಿನೊಳಗೆ ಹೂತ ಪೈಪಿನ ಮಾತಂತೂ ಬಿಡಿ.

ಇದು ನಿಜವಾಗಿ ಬೆಲೆ ಬಾಳುವುದು ಗುರುತು ಹಿಡಿಯಬಹುದಾದ, ಒಂದೇ ಕಡೆ ನಿಲ್ಲುವ ಮಾಲಿಗೆ. ದಾಲ್ ಮಿಲ್ಲಿಗೆ ಕೊಟ್ಟ ಮೋಟರು, ಜನರೇಟರು, ತೂಕದ ಯಂತ್ರ. ಸೀರಿಯಲ್ ನಂಬರನ್ನು ಬಿಲ್ಲಿನಲ್ಲಿ ಬರೆದಿದ್ದರೆ ಇದು ಅದೇ ಎಂದು ತೋರಿಸಬಹುದು. ತೊಗರಿಗೆ ಈ ಸಾಲು ಕೆಲಸಕ್ಕೆ ಬಾರದು. ಇನ್ನೊಬ್ಬರ ರಾಶಿಗೆ ಬೆರೆತು, ಬೇಳೆಯಾಗಿ, ಲಾರಿ ಏರಿದ ಮೇಲೆ ಯಾವ ಕಾಳು ನಿಮ್ಮದು ಎನ್ನುತ್ತೀರಿ?

ಹಣ ಕೊಡಲಿಲ್ಲ, ಮಾಲು ನಮ್ಮದೇ. ಹೋಗಿ ಎತ್ತಿಕೊಂಡು ಬರಬಹುದಾ?

ಬೇಡ. ದಯವಿಟ್ಟು ಬೇಡ. ಇಬ್ಬರು ಹಮಾಲರನ್ನು ಕರೆದುಕೊಂಡು ಅವರ ಅಂಗಡಿಗೆ ನುಗ್ಗಿದರೆ ಬಾಕಿ ಕೇಳಲು ಹೋದ ನೀವೇ ಪೊಲೀಸ್ ಠಾಣೆಯಲ್ಲಿ ಉತ್ತರ ಕೊಡಬೇಕಾಗುತ್ತದೆ. ಅವರೇ ಒಪ್ಪಿ ವಾಪಸು ಕೊಟ್ಟರೆ ತೆಗೆದುಕೊಳ್ಳಿ, ಎಣಿಸಿ, ಬರೆದು, ಕ್ರೆಡಿಟ್ ನೋಟ್ ಮಾಡಿ. ಒಪ್ಪದಿದ್ದರೆ ಮಾಲು ಮಾರದಂತೆ ತಡೆಯಾಜ್ಞೆ ಕೇಳಿ ಕೋರ್ಟಿಗೆ ಹೋಗುವುದೊಂದೇ ದಾರಿ.

ಮಾಲು ಇನ್ನೂ ನಿಮ್ಮ ಗೋದಾಮಿನಲ್ಲಿದ್ದರೆ ಮಾತು ಬೇರೆ. ಮುದ್ದತು ಮುಗಿದಿದೆ ಅಥವಾ ಕೊಂಡವರು ದಿವಾಳಿ ಎದ್ದಿದ್ದಾರೆ ಎಂದರೆ ಹಣ ಬರುವವರೆಗೆ ಹಿಡಿದಿಟ್ಟುಕೊಳ್ಳುವ ಹಕ್ಕನ್ನು ಕಾಯ್ದೆಯೇ ಕೊಡುತ್ತದೆ, ಬಿಲ್ಲಿನಲ್ಲಿ ಬರೆದಿರಬೇಕೆಂದೇ ಇಲ್ಲ.

ಅವರ ಅಂಗಡಿಯಲ್ಲಿ ಮಾಲು ಹಾಳಾದರೆ ನಷ್ಟ ಯಾರದು?

ನಮ್ಮ ಕಾಕಾ ಅವರನ್ನು ರಾತ್ರಿ ನಿದ್ದೆಗೆಡಿಸಿದ ಪ್ರಶ್ನೆ ಇದು. ಆಗಸ್ಟ್ ಕೊನೆಯ ಮಳೆಗೆ ಹುಮನಾಬಾದಿನ ಅಂಗಡಿಯ ತಗಡು ಸೋರಿ ಸ್ಟಾರ್ಟರ್ ಡಬ್ಬಿಗಳು ನೆಂದವು. ನಾವು ಬಾಕಿ ಕೇಳಿದಾಗ ಅವರು ನಮ್ಮ ಬಿಲ್ಲನ್ನೇ ತಿರುಗಿಸಿ ತೋರಿಸಿದರು. "ಹಣ ಬರೋವರೆಗೆ ಮಾಲು ನಿಮ್ದು ಅಂತ ನೀವೇ ಬರ್ದೀರಲ್ರಿ ಕಾಕಾ. ನಿಮ್ಮ ಮಾಲು ನೆಂದಿದೆ. ನಾ ಯಾಕ ಕೊಡ್ಲಿ?"

ಮಾತಿನಲ್ಲಿ ಹುರುಳಿದೆ. 26ನೇ ಕಲಂ ಹೇಳುವುದೇ ಅದನ್ನು. ಬೇರೆ ಮಾತು ಆಗಿಲ್ಲದಿದ್ದರೆ ಒಡೆತನ ಯಾರದೋ ಅಪಾಯವೂ ಅವರದೇ. ಒಡೆತನ ಹಿಡಿದಿಟ್ಟುಕೊಂಡವರು ಬೆಂಕಿ, ಮಳೆ, ಕಳ್ಳತನವನ್ನೂ ಹಿಡಿದಿಟ್ಟುಕೊಂಡ ಹಾಗೆ. "ಮಾಲು ತಲುಪಿದ ಗಳಿಗೆಯಿಂದ ಹಾನಿಯ ಹೊಣೆ ಕೊಂಡವರದು" ಎಂಬ ಒಂದು ವಾಕ್ಯ ಜೊತೆಗಿದ್ದರೆ ಈ ತೊಂದರೆ ಬರುತ್ತಿರಲಿಲ್ಲ. ನಾನು ನೋಡಿದ ಬಿಲ್ಲುಗಳಲ್ಲಿ ಒಡೆತನದ ಸಾಲು ಇರುತ್ತದೆ, ಈ ವಾಕ್ಯ ಇರುವುದಿಲ್ಲ.

ನಾವು ಸಿಕ್ಕಿಬಿದ್ದದ್ದು ಹೇಗೆ ಎಂದು ನೋಡಿ. "ಆ ಸಾಲು ನೀವು ಒಪ್ಪಿದ್ದೇ ಅಲ್ಲ, ಅದು ಲೆಕ್ಕಕ್ಕಿಲ್ಲ" ಎಂದು ನಾವು ಹೇಳಿದರೆ ಅದೇ ಬಾಯಲ್ಲಿ ಶೇ 24 ಬಡ್ಡಿ ಕೇಳುವುದು ಕಷ್ಟ. ಎರಡೂ ಒಂದೇ ಬಿಲ್ಲಿನ ಅಕ್ಕಪಕ್ಕದ ಸಾಲು. ಬಡ್ಡಿ ಬೇಕೆಂದರೆ ನೆಂದ ಮಾಲಿನ ಸಾಲೂ ಬೆನ್ನಿಗೆ ಬರುತ್ತದೆ.

ಬಿಡಿಸಿಕೊಂಡದ್ದು ಅದೇ ಕಲಮಿನ ಕೊನೆಯ ಮಾತಿನಿಂದ. ಇನ್ನೊಬ್ಬರ ಮಾಲು ನಮ್ಮ ಕೈಯಲ್ಲಿದ್ದಾಗ ನಮ್ಮ ಸ್ವಂತದ್ದರಂತೆ ಜೋಪಾನ ಮಾಡುವ ಹೊಣೆ ತಪ್ಪುವುದಿಲ್ಲ. ತಗಡು ಸೋರುವುದು ಗೊತ್ತಿದ್ದೂ ಅದರ ಕೆಳಗೇ ಡಬ್ಬಿ ಜೋಡಿಸಿದ್ದರು. ಅವರೇ ಕಳಿಸಿದ ಫೋಟೊದಲ್ಲಿ ಪಕ್ಕದಲ್ಲೇ ಒಂದು ಬಕೆಟ್ ಇಟ್ಟಿದ್ದು ಕಾಣುತ್ತಿತ್ತು.

ಒಡೆತನ ನಮ್ಮಲ್ಲೇ ಇದ್ದರೆ ಬೆಲೆಗಾಗಿ ದಾವೆ ಹಾಕಬಹುದಾ?

ವಕೀಲರು ಎತ್ತಿದ ಇನ್ನೊಂದು ಮಾತಿದು. ಬೆಲೆಗಾಗಿ ದಾವೆ ಹಾಕುವ ಮಾಮೂಲು ದಾರಿಗೆ ಒಡೆತನ ಕೊಂಡವರಿಗೆ ದಾಟಿರಬೇಕು. ದಾಟಿಲ್ಲ ಎಂದು ಬರೆದುಕೊಂಡವರು ನಾವೇ. ಆದರೆ 55ನೇ ಕಲಮಿನಲ್ಲೇ ಎರಡನೇ ದಾರಿ ಇದೆ. ಇಂಥ ದಿನ ಹಣ ಕೊಡಬೇಕು ಎಂದು ದಿನ ಗೊತ್ತಾಗಿದ್ದರೆ ಒಡೆತನ ದಾಟದಿದ್ದರೂ ಬೆಲೆ ಕೇಳಬಹುದು. ಹಾಗಾಗಿ ಬಿಲ್ಲಿನಲ್ಲಿ "30 ದಿನ" ಎಂದು ಬಿಡದೆ "ಜುಲೈ 10ರೊಳಗೆ" ಎಂದು ತಾರೀಖನ್ನೇ ಬರೆಯಿರಿ. "ಮಾಲು ಮಾರಿದ ಮೇಲೆ ಕೊಡುವುದು" ಎಂಬ ಬಾಯಿಮಾತು ಇಲ್ಲಿ ಕೆಲಸ ಕೆಡಿಸುತ್ತದೆ.

"ಕಲಬುರಗಿ ಕೋರ್ಟು ಮಾತ್ರ" ಎಂದು ಬರೆದರೆ ಹುಮನಾಬಾದಿಗೆ ಓಡುವುದು ತಪ್ಪುತ್ತದಾ?

ತಪ್ಪಬಹುದು. ದಾವೆಯನ್ನು ಎದುರಾಳಿ ಇರುವ ಅಥವಾ ವ್ಯಾಪಾರ ಮಾಡುವ ಊರಿನಲ್ಲಿ ಹಾಕಬಹುದು, ವ್ಯವಹಾರದ ಒಂದು ಭಾಗವಾದರೂ ನಡೆದ ಊರಿನಲ್ಲೂ ಹಾಕಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಕಲಂ ಹೇಳುವುದು ಇದು. ನಮ್ಮ ಬಿಲ್ಲಿನಲ್ಲಿ ಆರ್ಡರ್ ಒಪ್ಪಿದ್ದು ಕಲಬುರಗಿಯಲ್ಲಿ, ಹಣ ಬರಬೇಕಾದ ಬ್ಯಾಂಕ್ ಖಾತೆ ಕಲಬುರಗಿಯದು, ಮಾಲು ಇಳಿದದ್ದು ಹುಮನಾಬಾದಿನಲ್ಲಿ. ಎರಡೂ ಕಡೆಯ ಕೋರ್ಟಿಗೆ ಅಧಿಕಾರ ಇದೆ. ಹೀಗೆ ಎರಡಿದ್ದಾಗ ಒಂದನ್ನೇ ಆರಿಸಿಕೊಳ್ಳಲು ಇಬ್ಬರೂ ಒಪ್ಪಬಹುದು. 1971ರಲ್ಲಿ ಹಕಂ ಸಿಂಗ್ ಪ್ರಕರಣದಲ್ಲೇ ಸುಪ್ರೀಂ ಕೋರ್ಟು ಇದನ್ನು ಹೇಳಿದೆ.

ಮೊದಲಿಂದಲೂ ಅಧಿಕಾರವಿಲ್ಲದ ಕೋರ್ಟಿಗೆ ನಮ್ಮ ಒಪ್ಪಂದ ಅಧಿಕಾರ ಕೊಡುವುದಿಲ್ಲ. ಯಾದಗಿರಿಯ ಅಂಗಡಿ ಶಹಾಪುರದವರಿಗೆ ಮಾರಿ "ಬೆಂಗಳೂರು ಕೋರ್ಟು" ಎಂದು ಬರೆದರೆ, ಬೆಂಗಳೂರಿನಲ್ಲಿ ಏನೂ ನಡೆದಿಲ್ಲ, ಅಲ್ಲಿ ಯಾರೂ ಇಲ್ಲ, ಆ ಸಾಲು ಬಿದ್ದುಹೋಯಿತು.

"ಮಾತ್ರ" ಎಂಬ ಪದ ಬೇಕೇ ಬೇಕಾ ಎಂದು ಕೇಳುತ್ತಾರೆ. 2013ರ ಸ್ವಸ್ತಿಕ್ ಗ್ಯಾಸಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಆ ಪದ ಇಲ್ಲದಿದ್ದರೂ ಉದ್ದೇಶ ತಿಳಿದರೆ ಸಾಕು ಎಂದಿದೆ. ಆದರೂ ಬರೆಯಿರಿ. ಒಂದು ಪದದಿಂದ ಒಂದು ವಾಯಿದೆಯ ವಾದ ಉಳಿಯುತ್ತದೆ. ಇಲ್ಲಿಯೂ ಮೊದಲಿನ ಮಾತೇ: ಒಬ್ಬರೇ ಅಚ್ಚು ಹಾಕಿಸಿದ ಸಾಲು ಸಾಲದು, ಒಪ್ಪಿಗೆ ತೋರಿಸಬೇಕು. ತೋರಿಸಲಾಗದಿದ್ದರೂ ಹಣ ಬರಬೇಕಾದ ಊರು ಕಲಬುರಗಿ ಎಂಬ ಆಧಾರದ ಮೇಲೆ ಇಲ್ಲೇ ದಾವೆ ಹಾಕಲು ಯತ್ನಿಸಬಹುದು. ಅದಕ್ಕೇ "ಹಣವನ್ನು ಕಲಬುರಗಿಯ ಈ ಖಾತೆಗೆ ಕೊಡಬೇಕು" ಎಂಬುದನ್ನೂ ಬರೆಯಿಸುತ್ತೇನೆ.

ಹಳೆಯ ಬಿಲ್‌ಬುಕ್ಕಿನಲ್ಲಿ "ಗುಲ್ಬರ್ಗಾ" ಎಂದಿದೆ. ತೊಂದರೆ ಆಗುತ್ತದಾ?

ಇಲ್ಲ. 2014ರ ನವೆಂಬರಿನಲ್ಲಿ ಹೆಸರು ಬದಲಾಯಿತು, ಊರು ಅದೇ. ಪುಸ್ತಕ ಮುಗಿಯುವವರೆಗೆ ಬಳಸಿ.

ಮನೆಗೆ ಕೊಂಡ ಗ್ರಾಹಕರಿಗೂ ಈ ಕೋರ್ಟಿನ ಸಾಲು ಅನ್ವಯಿಸುತ್ತದಾ?

ಅವರ ದೂರಿಗೆ ಅಡ್ಡಿಯಾಗುವುದಿಲ್ಲ. 2019ರ ಗ್ರಾಹಕರ ಕಾಯ್ದೆ ಪ್ರಕಾರ ಗ್ರಾಹಕರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಔರಾದಿನ ರೈತರು ಕಲಬುರಗಿಯಲ್ಲಿ ಕೊಂಡ ಪಂಪು ಕೆಟ್ಟರೆ ಬೀದರ್‌ನಲ್ಲೇ ಕೇಳುತ್ತಾರೆ. ಹೊಟ್ಟೆಪಾಡಿಗೆ ಸ್ವಂತ ದುಡಿಮೆಗೆ ಬಳಸುವವರೂ ಗ್ರಾಹಕರೇ. ಅಂಥವರಿಗೆ ಬಿಲ್ಲು ತೋರಿಸಿ "ಇಲ್ಲಿಗೇ ಬರಬೇಕು" ಎನ್ನುವುದು ತಪ್ಪು.

ನಮ್ಮದು ಸಣ್ಣ ಕಾರ್ಖಾನೆ, ಉದ್ಯಮ್ ನೋಂದಣಿ ಇದೆ. ನಮಗೂ ಇದೇ ನಿಯಮವಾ?

ನಿಮ್ಮ ಕೈಯಲ್ಲಿ ಇನ್ನೂ ಗಟ್ಟಿ ಕಾಯ್ದೆ ಇದೆ. 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಬರೆದುಕೊಂಡ ಮುದ್ದತಿನೊಳಗೆ ಹಣ ಕೊಡಬೇಕು, ಆ ಮುದ್ದತು 45 ದಿನ ಮೀರಬಾರದು. ಬರೆದುಕೊಂಡಿಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಚಕ್ರಬಡ್ಡಿ. ಬಿಲ್ಲಿನಲ್ಲಿ ಬೇರೆ ದರ ಇದ್ದರೂ ಇದೇ ನಡೆಯುತ್ತದೆ. ವ್ಯಾಜ್ಯವನ್ನು ಇಂಥ ಬಾಕಿಗಳನ್ನೇ ವಿಚಾರಿಸುವ, ನೀವಿರುವ ಕಡೆಯ ಫೆಸಿಲಿಟೇಶನ್ ಕೌನ್ಸಿಲ್ಲಿಗೆ ಒಯ್ಯಬಹುದು, ಕೊಂಡವರು ಸೊಲ್ಲಾಪುರದಲ್ಲಿರಲಿ, ಹೈದರಾಬಾದಿನಲ್ಲಿರಲಿ. ದಾಲ್ ಮಿಲ್ಲು, ಶಹಾಬಾದ್ ಕಲ್ಲಿನ ಪಾಲಿಶ್ ಘಟಕ ಇದರೊಳಗೆ ಬರುತ್ತವೆ. ವ್ಯವಹಾರಕ್ಕೆ ಮೊದಲೇ ನೋಂದಣಿ ಮಾಡಿಸಿ, ನಂಬರನ್ನು ಬಿಲ್ಲಿನಲ್ಲಿ ಹಾಕಿ.

ಕಾಕಾ ಅವರಂತೆ ಕೊಂಡು ಮಾರುವವರಿಗೆ ಇದು ಸಿಗುವುದಿಲ್ಲ. ವ್ಯಾಪಾರಿಗಳ ಉದ್ಯಮ್ ನೋಂದಣಿ ಬ್ಯಾಂಕಿನ ಆದ್ಯತಾ ಸಾಲಕ್ಕೆ ಮಾತ್ರ ಎಂದು ಕೇಂದ್ರ 2021ರಲ್ಲೇ ಹೇಳಿದೆ. ನಮಗೆ ನಮ್ಮ ಕಾಗದವೇ ಗತಿ.

ಎಷ್ಟು ದಿನದೊಳಗೆ ದಾವೆ ಹಾಕಬೇಕು?

ಮುದ್ದತು ಮುಗಿದ ದಿನದಿಂದ ಮೂರು ವರ್ಷ. ಮುದ್ದತೇ ಇಲ್ಲದಿದ್ದರೆ ಮಾಲು ಕೊಟ್ಟ ದಿನದಿಂದ. ಆ ಮೂರು ವರ್ಷದೊಳಗೆ ಬಾಕಿ ಒಪ್ಪಿ ಸಹಿ ಮಾಡಿದರೆ ಅಥವಾ ಚೆಕ್ಕಿನಲ್ಲಿ ಸ್ವಲ್ಪ ಹಣ ಕೊಟ್ಟರೆ ಅಲ್ಲಿಂದ ಹೊಸದಾಗಿ ಎಣಿಕೆ. ಮಾರ್ಚ್ ಕೊನೆಗೆ ಲೆಕ್ಕ ತಾಳೆ ಪತ್ರಕ್ಕೆ ಸಹಿ ತೆಗೆದುಕೊಳ್ಳುವ ಹಳೆಯ ಪದ್ಧತಿ ಇದಕ್ಕಾಗಿಯೇ. "ಆರು ತಿಂಗಳ ಮೇಲೆ ಕೋರ್ಟಿಗೆ ಹೋಗುವಂತಿಲ್ಲ" ಎಂದು ಬಿಲ್ಲಿನಲ್ಲಿ ಬರೆದರೆ ಅದು ನಡೆಯುವುದಿಲ್ಲ. ಕಾನೂನು ಕೊಟ್ಟ ಅವಧಿಯನ್ನು ಕರಾರಿನಿಂದ ಕಡಿಮೆ ಮಾಡಲಾಗದು.

ಹಾಗಾದರೆ ಏನು ಬರೆಯಬೇಕು?

ಈಗ ನಮ್ಮ ಉದ್ರಿ ಖಾತೆಯ ಹಾಳೆಯಲ್ಲಿ ಇರುವುದು ಇದು. ಕನ್ನಡದಲ್ಲೇ ಇದೆ, ಓದಿಸಿ ಸಹಿ ಪಡೆಯುತ್ತೇವೆ:

"ಬಿಲ್ಲಿನಲ್ಲಿ ಬರೆದ ತಾರೀಖಿನೊಳಗೆ ಹಣವನ್ನು ಅಂಗಡಿಯ ಕಲಬುರಗಿ ಬ್ಯಾಂಕ್ ಖಾತೆಗೆ ಕೊಡುತ್ತೇನೆ. ತಡವಾದರೆ ಮರುದಿನದಿಂದ ಬಾಕಿ ಅಸಲಿಗೆ ವರ್ಷಕ್ಕೆ ಶೇ 18 ಸರಳ ಬಡ್ಡಿ ಮತ್ತು ಅದರ ಮೇಲಿನ ಜಿಎಸ್ಟಿ ಕೊಡುತ್ತೇನೆ. ಪೂರ್ತಿ ಹಣ ಕೊಡುವವರೆಗೆ, ಮಾರಾಟವಾಗದೆ ನನ್ನಲ್ಲಿರುವ ಮಾಲಿನ ಒಡೆತನ ಮಾರಿದವರದು. ಮಾಲು ನನಗೆ ತಲುಪಿದ ಗಳಿಗೆಯಿಂದ ಹಾನಿಯ ಹೊಣೆ ನನ್ನದು. ವ್ಯಾಜ್ಯ ಬಂದರೆ ಕಲಬುರಗಿಯ ನ್ಯಾಯಾಲಯಗಳಲ್ಲಿ ಮಾತ್ರ."

ಬಿಲ್ಲಿನ ಕೆಳಗೂ ಇದನ್ನೇ ಅಚ್ಚು ಹಾಕಿಸಿದ್ದೇವೆ, ಒಂದಕ್ಷರ ಬದಲಿಸದೆ. ಹಾಳೆಯಲ್ಲಿ 18, ಬಿಲ್ಲಿನಲ್ಲಿ 24 ಇದ್ದರೆ ಎರಡೂ ಸಡಿಲ. ದೊಡ್ಡ ಮೊತ್ತದ ಖಾತೆಗೆ ಈ ಕರಡನ್ನು ನಿಮ್ಮ ವಕೀಲರಿಗೆ ಒಮ್ಮೆ ತೋರಿಸಿ.

ಹುಮನಾಬಾದಿನ ಬಾಕಿ ಏನಾಯಿತು?

ಕೋರ್ಟಿಗೆ ಹೋಗಲಿಲ್ಲ. ನಾವು 80,000 ಮತ್ತು 11,849 ಬಡ್ಡಿ ಕೇಳಿ ನೋಟಿಸು ಕೊಟ್ಟೆವು. ಅವರು ನೆಂದ ಮಾಲಿನ ಮಾತು ಎತ್ತಿದರು. ನಾವು ಹಿಂದಿನ ವರ್ಷದ 2,150 ಮತ್ತು ಬಕೆಟ್ಟಿನ ಫೋಟೊ ಇಟ್ಟೆವು. ಎರಡು ಸಲ ಕೂತು ಮಾತಾಡಿದ ಮೇಲೆ ಬಡ್ಡಿ ಅರ್ಧಕ್ಕೆ ಇಳಿಯಿತು, ಅಂದರೆ ಶೇ 12ರಂತೆ 5,924 ರೂಪಾಯಿ, ಮೇಲೆ ಜಿಎಸ್ಟಿ 1,066. ಅಸಲು ಪೂರ್ತಿ ಬಂತು. ಡೆಬಿಟ್ ನೋಟ್ ಕೊಟ್ಟೆವು, ಅವರು ಅದರ ಕ್ರೆಡಿಟ್ಟನ್ನೂ ತೆಗೆದುಕೊಂಡರು. ಮುಂದಿನ ಆರ್ಡರ್ ಕೊಡಲು ಬಂದಾಗ ಕಾಕಾ ಚಹಾ ತರಿಸಿ, ಮೊದಲು ಆ ಹಾಳೆಯನ್ನು ಅವರ ಮುಂದಿಟ್ಟರು. ಅವರು ಎರಡು ಸಲ ಓದಿ, ಮಳೆಯ ಸಾಲಿನ ಮೇಲೆ ಬೆರಳಿಟ್ಟು ಒಂದು ಕ್ಷಣ ನಿಂತು, ಸಹಿ ಮಾಡಿದರು. ತಗಡು ಬದಲಿಸಿದ್ದೇನೆ ಎಂದೂ ಹೇಳಿದರು.